ಕ್ರಾಸ್-ಡಾಕಿಂಗ್

ಪೂರೈಕೆದಾರರಿಂದ ಬಂದ ಸರಕನ್ನು ಗೋದಾಮಿನ ರ‍್ಯಾಕಿಗೆ ಏರಿಸದೆ, ಬಂದ ಲಾರಿಯಿಂದ ಇಳಿಸಿ, ಊರುವಾರು ಅಥವಾ ಅಂಗಡಿವಾರು ಬೇರ್ಪಡಿಸಿ, ಕೆಲವೇ ಗಂಟೆಗಳಲ್ಲಿ ಹೊರಡುವ ಲಾರಿಗೆ ತುಂಬುವ ವಿತರಣಾ ಪದ್ಧತಿ. ಉದ್ದನೆಯ ಕಟ್ಟಡದ ಒಂದು ಬದಿಯ ಬಾಗಿಲುಗಳಲ್ಲಿ ಸರಕು ಇಳಿಯುತ್ತದೆ, ನೆಲದ ಮೇಲೆ ಹಾದುಹೋಗಿ ಎದುರು ಬದಿಯ ಬಾಗಿಲುಗಳಿಂದ ಹೊರಡುತ್ತದೆ. ಸರಕು ಅಲ್ಲಿ ನಿಲ್ಲುವ ಅವಧಿ ಸಾಮಾನ್ಯವಾಗಿ ಒಂದು ದಿನಕ್ಕಿಂತ ಕಡಿಮೆ. ತಾಜಾ ಆಹಾರ ಮತ್ತು ಪಾರ್ಸೆಲ್‌ಗಳಲ್ಲಿ ಎರಡು ಮೂರು ಗಂಟೆ ಮಾತ್ರ.

ಮಾಮೂಲಿ ಗೋದಾಮಿನಲ್ಲಿ ನಾಲ್ಕು ಕೆಲಸಗಳಿರುತ್ತವೆ: ಸರಕನ್ನು ಇಳಿಸಿಕೊಳ್ಳುವುದು, ಇಡುವುದು, ಆರ್ಡರ್ ಬಂದಾಗ ಹುಡುಕಿ ತೆಗೆಯುವುದು, ಕಳಿಸುವುದು. ಖರ್ಚು ಹೆಚ್ಚಾಗಿ ಬೀಳುವುದು ನಡುವಿನ ಎರಡರ ಮೇಲೆ. ಕ್ರಾಸ್-ಡಾಕಿಂಗ್ ಆ ಎರಡನ್ನೂ ತೆಗೆದುಹಾಕುತ್ತದೆ. ಆದರೆ ಗೋದಾಮಿನ ದಾಸ್ತಾನು ಅಲ್ಲಿ ಸುಮ್ಮನೆ ಕೂತಿರುವುದಿಲ್ಲ. ಪೂರೈಕೆದಾರನ ಲಾರಿ ತಡವಾದರೂ ಅಂಗಡಿಗೆ ಹೋಗುವ ಲಾರಿ ಸಮಯಕ್ಕೆ ಹೊರಡುವುದು ಆ ದಾಸ್ತಾನಿನಿಂದಲೇ. ಅದನ್ನು ತೆಗೆದ ಮೇಲೆ ಒಳಬರುವ ಮತ್ತು ಹೊರಹೋಗುವ ಲಾರಿಗಳ ವೇಳಾಪಟ್ಟಿಗಳು ಒಂದಕ್ಕೊಂದು ಕಟ್ಟಿಬೀಳುತ್ತವೆ. ಅರಸೀಕೆರೆ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವ ಪ್ರಯಾಣಿಕನಿಗೆ ಇದನ್ನು ವಿವರಿಸಬೇಕಿಲ್ಲ. ಕ್ರಾಸ್-ಡಾಕಿಂಗ್ ಕುರಿತ ಮುಖ್ಯ ಪ್ರಶ್ನೆಗಳೆಲ್ಲ ಈ ಕಟ್ಟಿನಿಂದಲೇ ಹುಟ್ಟುತ್ತವೆ.

ಹಿನ್ನೆಲೆ

ದಾಸ್ತಾನಿಡದೆ ವಿಂಗಡಿಸಿ ಮುಂದೆ ಕಳಿಸುವ ಕ್ರಮ ಹಳೆಯದು. ಭಾರತದ ಅಂಚೆ ಇಲಾಖೆಯ ರೈಲ್ವೆ ಮೇಲ್ ಸರ್ವಿಸ್ ಓಡುವ ಗಾಡಿಯಲ್ಲೇ ಕಾಗದಗಳನ್ನು ಊರುವಾರು ವಿಂಗಡಿಸುತ್ತಿತ್ತು; ಗಾಡಿ ಜಂಕ್ಷನ್ ತಲುಪುವ ಹೊತ್ತಿಗೆ ಚೀಲಗಳು ಸಿದ್ಧವಿರಬೇಕಿತ್ತು. ಪೂರ್ಣ ಲಾರಿ ತುಂಬದ ಸಣ್ಣ ಸರಕುಗಳನ್ನು ಸಾಗಿಸುವ ಪಾರ್ಸೆಲ್ ಕಂಪನಿಗಳಿಗೂ ಇದು ಬದುಕಿನ ಕ್ರಮ. ವಿಜಯ ಸಂಕೇಶ್ವರ ಅವರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ವಿ.ಆರ್.ಎಲ್. ಸಂಸ್ಥೆಯ ಪಾರ್ಸೆಲ್ ಜಾಲವನ್ನೇ ನೋಡಬಹುದು. ಹುಬ್ಬಳ್ಳಿ ಬಳಿಯ ವರೂರಿನಂಥ ಹಬ್‌ಗಳಲ್ಲಿ ಬೇರೆ ಬೇರೆ ಊರುಗಳಿಂದ ಬಂದ ಪಾರ್ಸೆಲ್‌ಗಳು ಇಳಿದು, ಮುಂದಿನ ಊರಿನ ಲಾರಿಗೆ ಏರುತ್ತವೆ.

ಚಿಲ್ಲರೆ ವ್ಯಾಪಾರದಲ್ಲಿ ಇದಕ್ಕೆ ಹೆಸರು ತಂದದ್ದು ಅಮೆರಿಕದ ವಾಲ್‌ಮಾರ್ಟ್. 1992ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಜಾರ್ಜ್ ಸ್ಟಾಕ್, ಫಿಲಿಪ್ ಎವಾನ್ಸ್ ಮತ್ತು ಲಾರೆನ್ಸ್ ಶುಲ್ಮನ್ ಬರೆದ ಲೇಖನ ಅದನ್ನು ವಿವರಿಸಿತು. ವಾಲ್‌ಮಾರ್ಟ್ ತನ್ನ ಸರಕಿನ 85 ಶೇಕಡಾವನ್ನು ಸ್ವಂತ ಗೋದಾಮು ವ್ಯವಸ್ಥೆಯ ಮೂಲಕ ಹಾಯಿಸುತ್ತದೆ, ಪ್ರತಿಸ್ಪರ್ಧಿ ಕೆ-ಮಾರ್ಟ್‌ನಲ್ಲಿ ಅದು 50 ಶೇಕಡಾ ಮಾತ್ರ, ಇದರಿಂದ ಮಾರಾಟ ವೆಚ್ಚ ಉದ್ಯಮದ ಸರಾಸರಿಗಿಂತ 2ರಿಂದ 3 ಶೇಕಡಾ ಇಳಿಯುತ್ತದೆ ಎಂಬುದು ಅಲ್ಲಿನ ಲೆಕ್ಕ. ಈ 85 ಶೇಕಡಾ ಪೂರ್ತಿ ಕ್ರಾಸ್-ಡಾಕ್ ಆಗುತ್ತಿತ್ತೆಂದು ಅನೇಕ ಕಡೆ ಬರೆದುಕೊಂಡು ಬಂದಿದ್ದಾರೆ. ಮೂಲ ಲೇಖನ ಹಾಗೆ ಹೇಳುವುದಿಲ್ಲ. ಅದು ಗೋದಾಮು ವ್ಯವಸ್ಥೆಯ ಒಟ್ಟು ಪಾಲು. ಇನ್ನೊಂದು ಅಂಶವನ್ನೂ ಆ ಲೇಖನ ಒತ್ತಿ ಹೇಳಿತ್ತು, ಓದಿದವರು ಅದನ್ನು ಮರೆತದ್ದೇ ಹೆಚ್ಚು. ಲಾಭವನ್ನು ಕಟ್ಟಡ ತಂದುಕೊಟ್ಟಿರಲಿಲ್ಲ. ಅಂಗಡಿಯ ಬಿಲ್ಲಿಂಗ್ ಲೆಕ್ಕವನ್ನು ನೇರವಾಗಿ ಪೂರೈಕೆದಾರರಿಗೆ ಮುಟ್ಟಿಸುವ ಸ್ವಂತ ಉಪಗ್ರಹ ಸಂಪರ್ಕ ಮತ್ತು ಕಂಪನಿಯದೇ ಆದ ಸುಮಾರು 2,000 ಲಾರಿಗಳು ಅದರ ಹಿಂದಿದ್ದವು. ಈ ಹೂಡಿಕೆಗೆ ಲಾಭದ ಲೆಕ್ಕವನ್ನು ನೇರವಾಗಿ ತೋರಿಸುವುದು ಕಷ್ಟ. ಬೇರೆಯವರು ಅದನ್ನು ನಕಲು ಮಾಡಲು ಹಿಂಜರಿದದ್ದೂ ಅದಕ್ಕೇ.

ಯಾವಾಗ ಸಲ್ಲುತ್ತದೆ

ಮೊದಲ ಷರತ್ತು ಸಾಗಣೆಯ ಲೆಕ್ಕದ್ದು. ಹನ್ನೆರಡು ಪೂರೈಕೆದಾರರು, ನಲವತ್ತು ಅಂಗಡಿಗಳು ಇವೆ ಎಂದುಕೊಳ್ಳೋಣ. ಪ್ರತಿಯೊಬ್ಬರೂ ಪ್ರತಿ ಅಂಗಡಿಗೆ ನೇರವಾಗಿ ಸರಕು ಕಳಿಸಿದರೆ ದಿನಕ್ಕೆ 480 ಜೋಡಿಗಳ ನಡುವೆ ಸಾಗಣೆ ನಡೆಯಬೇಕು. ನಡುವೆ ಒಂದು ಡಾಕ್ ಇದ್ದರೆ ಹನ್ನೆರಡು ಲಾರಿ ಒಳಗೆ ಬರುತ್ತವೆ. ನಾಲ್ಕು ಅಂಗಡಿಗೆ ಒಂದು ಲಾರಿಯಂತೆ ಹತ್ತು ಹೊರಗೆ ಹೋಗುತ್ತವೆ. ಒಬ್ಬ ಪೂರೈಕೆದಾರನಿಂದ ಒಂದು ಅಂಗಡಿಗೆ ಹೋಗುವುದು ದಿನಕ್ಕೆ ಹದಿನೈದು ಪೆಟ್ಟಿಗೆಯಾದರೆ ಡಾಕ್ ಬೇಕೇಬೇಕು. ಹದಿನೈದು ಪೆಟ್ಟಿಗೆಗೆ ಯಾರೂ ಲಾರಿ ಹೊರಡಿಸುವುದಿಲ್ಲ. ಅದೇ ಒಬ್ಬನಿಂದ ಒಂದೇ ಅಂಗಡಿಗೆ ಲಾರಿ ತುಂಬುವಷ್ಟು ಹೋಗುವುದಾದರೆ ನೇರವಾಗಿ ಕಳಿಸುವುದೇ ಸರಿ. ತುಂಬಿದ ಲಾರಿಯನ್ನು ಡಾಕ್‌ಗೆ ತಂದು ಇಳಿಸಿ ಮತ್ತೆ ತುಂಬುವುದು ಹಮಾಲಿ ಖರ್ಚನ್ನು ಎರಡು ಮಾಡುವುದಷ್ಟೇ.

ಎರಡನೆಯ ಷರತ್ತು ಬೇಡಿಕೆಯ ಸ್ವಭಾವದ್ದು. ಉದಯ ಆಪ್ಟೆ ಮತ್ತು ಎಸ್. ವಿಶ್ವನಾಥನ್ 2000ದಲ್ಲಿ ಕೊಟ್ಟ ಮಾನದಂಡ ಸರಳವಾದದ್ದು, ಇಂದಿಗೂ ಉಪಯೋಗಕ್ಕೆ ಬರುವಂಥದ್ದು. ಬೇಡಿಕೆ ಸ್ಥಿರವಾಗಿರಬೇಕು ಮತ್ತು ಒಂದು ದಿನ ಸರಕು ಇಲ್ಲದಿದ್ದರೆ ಆಗುವ ನಷ್ಟ ಕಡಿಮೆ ಇರಬೇಕು. ಸಾಬೂನು, ಬಿಸ್ಕತ್ತು, ಅಡುಗೆ ಎಣ್ಣೆ, ಹಿಟ್ಟು ಇಂಥವು. ಬೇಡಿಕೆ ಏರಿಳಿಯುವಂಥದ್ದಾಗಿ, ಇಲ್ಲವೆಂದರೆ ಗಿರಾಕಿ ಬೇರೆಡೆ ಹೋಗುವಂಥ ಸರಕಾದರೆ ದಾಸ್ತಾನು ಇಡುವುದೇ ವಾಸಿ. ಎರಡರಲ್ಲಿ ಒಂದು ಮಾತ್ರ ಅನುಕೂಲವಾಗಿದ್ದರೆ ಯೋಜನೆ ಗಟ್ಟಿಯಿದ್ದಲ್ಲಿ ಮಾತ್ರ ನಡೆಯುತ್ತದೆ. ಹಾಲು, ಸೊಪ್ಪು, ಬ್ರೆಡ್ಡು ಇದಕ್ಕೆ ಅಪವಾದ. ಇವುಗಳ ಬೇಡಿಕೆ ಏರಿಳಿದರೂ ಇಟ್ಟರೆ ಕೆಡುವುದರಿಂದ ಬೇರೆ ದಾರಿಯಿಲ್ಲ.

ಕಂಟೈನರಿನಲ್ಲಿ ತಿಂಗಳಿಗೊಮ್ಮೆ ಬರುವ ಆಮದು ಸರಕು, ಪರೀಕ್ಷಾ ವರದಿ ಬರುವವರೆಗೆ ತಡೆದಿಡಬೇಕಾದ ಔಷಧಿ, ವಾರಕ್ಕೆ ಎರಡು ಮಾರುವ ಬಿಡಿಭಾಗಗಳು ಈ ಪದ್ಧತಿಗೆ ಹೊಂದುವುದಿಲ್ಲ. ಬರುವ ಲಯ ಒಂದು, ಹೋಗುವ ಲಯ ಇನ್ನೊಂದು ಆದಾಗ ನಡುವೆ ಸರಕು ಎಲ್ಲಾದರೂ ಕೂರಲೇಬೇಕು.

ಒಂದು ರಾತ್ರಿಯ ಲೆಕ್ಕ

ಮೇಲಿನ ಹನ್ನೆರಡು ಪೂರೈಕೆದಾರರ, ನಲವತ್ತು ಅಂಗಡಿಗಳ ಉದಾಹರಣೆಯನ್ನೇ ಮುಂದುವರಿಸಿ ನೋಡಬಹುದು. ಇದು ಲೆಕ್ಕಕ್ಕಾಗಿ ಕಲ್ಪಿಸಿದ್ದು. ತುಮಕೂರು ರಸ್ತೆಯಲ್ಲಿ ನೆಲಮಂಗಲದ ಆಚೆ ಇರುವಂಥ ಒಂದು ಡಾಕ್, ಬೆಂಗಳೂರಿನ ಒಳಗಿನ ಅಂಗಡಿಗಳು ಎಂದಿಟ್ಟುಕೊಂಡರೆ ಸಾಕು. ದಿನದ ಸರಕು 7,200 ಪೆಟ್ಟಿಗೆ. ಒಳಬರುವ ಪ್ರತಿ ಲಾರಿಯಲ್ಲಿ 600, ಹೊರಹೋಗುವ ಪ್ರತಿ ಲಾರಿಯಲ್ಲಿ 720.

ಗಡಿಯಾರವನ್ನು ಹಿಂದಿನಿಂದ ಕಟ್ಟುತ್ತಾ ಬರಬೇಕು. ಹಗಲಿನಲ್ಲಿ ನಗರದೊಳಗೆ ಭಾರಿ ವಾಹನಗಳಿಗೆ ನಿರ್ಬಂಧವಿರುತ್ತದೆ, ಅಂಗಡಿ ತೆರೆಯುವ ಮೊದಲು ಕಪಾಟು ತುಂಬಬೇಕು. ಆದ್ದರಿಂದ ಬೆಳಗಿನ ಏಳಕ್ಕೆ ಸರಕು ಅಂಗಡಿಯಲ್ಲಿರಬೇಕು, ಲಾರಿಗಳು ಮೂರೂವರೆಯ ಆಸುಪಾಸಿನಲ್ಲಿ ಡಾಕ್ ಬಿಡಬೇಕು. ಹಾಗಾದರೆ ಮೂರಕ್ಕೆ ಕೊನೆಯ ಪೆಟ್ಟಿಗೆ ಇಳಿದಿರಬೇಕು. ಇಳಿಸುವ ಹೊತ್ತು ಮಧ್ಯರಾತ್ರಿ ಹನ್ನೆರಡರಿಂದ ಮೂರು. ಪೂರೈಕೆದಾರರು ರಾತ್ರಿ ಎಂಟರಿಂದ ಹನ್ನೊಂದರೊಳಗೆ ತುಂಬಿ ಹೊರಡಬೇಕು, ಅವರ ಕೈಗೆ ಆರು ಗಂಟೆಗೆ ಆರ್ಡರ್ ಸಿಗಬೇಕು, ಅಂಗಡಿಗಳು ಐದಕ್ಕೆ ಆರ್ಡರ್ ಮುಚ್ಚಬೇಕು. ಅಂಗಡಿಯ ಮ್ಯಾನೇಜರ್ ಆರೂವರೆಗೆ ನೆನಪಾಗಿ ಸೇರಿಸುವ ಎರಡು ಪೆಟ್ಟಿಗೆ ಎಣ್ಣೆಗೆ ಈ ಗಡಿಯಾರದಲ್ಲಿ ಜಾಗವಿಲ್ಲ. ಇದನ್ನು ಅಂಗಡಿಯವರು ಒಪ್ಪದಿದ್ದರೆ ಮುಂದಿನದನ್ನು ಯೋಚಿಸುವ ಅಗತ್ಯವೇ ಇಲ್ಲ.

ಬಾಗಿಲುಗಳ ಲೆಕ್ಕ ಎರಡು ಬದಿಗೂ ಒಂದೇ ರೀತಿ ನಡೆಯುವುದಿಲ್ಲ. ಇಳಿಸುವ ಬಾಗಿಲಿನಲ್ಲಿ ಮೂವರು ಹಮಾಲರು ನಿಮಿಷಕ್ಕೆ ಹದಿಮೂರು ಪೆಟ್ಟಿಗೆ ಇಳಿಸಿದರೆ 600ಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಲಾರಿ ಹಿಮ್ಮುಖವಾಗಿ ಬಂದು ನಿಲ್ಲಲು, ಕಾಗದ ನೋಡಲು ಇನ್ನೂ ಕಾಲು ಗಂಟೆ. ಒಂದು ಬಾಗಿಲು ಮೂರು ಗಂಟೆಯಲ್ಲಿ ಮೂರು ಲಾರಿ ಮುಗಿಸುತ್ತದೆ, ಹನ್ನೆರಡಕ್ಕೆ ನಾಲ್ಕು ಬಾಗಿಲು ಸಾಕು. ಐದನೆಯದು ತಡವಾಗಿ ಬಂದವರಿಗೆ. ತುಂಬುವ ಬದಿಯಲ್ಲಿ ಹೀಗಿಲ್ಲ. ಪ್ರತಿ ಮಾರ್ಗಕ್ಕೂ ಹನ್ನೆರಡೂ ಪೂರೈಕೆದಾರರ ಸರಕು ಬೇಕಾದ್ದರಿಂದ ಹತ್ತು ಲಾರಿಗಳೂ ಮೊದಲಿನಿಂದ ಕೊನೆಯವರೆಗೆ ಬಾಗಿಲಲ್ಲೇ ನಿಂತಿರಬೇಕು. ಹತ್ತು ಮಾರ್ಗಕ್ಕೆ ಹತ್ತು ಬಾಗಿಲು. ಗೋದಾಮನ್ನು ಕ್ರಾಸ್-ಡಾಕ್ ಮಾಡಲು ಹೊರಟವರು ಮೊದಲು ಎಡವುವುದು ಇಲ್ಲಿ: ಜಾಗ ಬೇಕಾದಷ್ಟಿರುತ್ತದೆ, ಬಾಗಿಲು ಆರೋ ಎಂಟೋ ಇರುತ್ತವೆ.

ನೆಲದ ಲೆಕ್ಕಕ್ಕೆ ಒಂದು ಚಿಕ್ಕ ಸೂತ್ರವಿದೆ. ನೆಲದ ಮೇಲಿರುವ ಸರಕು ಎಂದರೆ ಸರಕು ಬರುವ ವೇಗವನ್ನು ಅದು ನಿಲ್ಲುವ ಸಮಯದಿಂದ ಗುಣಿಸಿದ್ದು. ಮೂರು ಗಂಟೆಯಲ್ಲಿ 7,200 ಎಂದರೆ ನಿಮಿಷಕ್ಕೆ 40 ಪೆಟ್ಟಿಗೆ. ಪ್ರತಿ ಪೆಟ್ಟಿಗೆ ಸರಾಸರಿ 20 ನಿಮಿಷ ನಿಂತರೆ ನೆಲದ ಮೇಲೆ 800 ಪೆಟ್ಟಿಗೆ ಇರುತ್ತವೆ, ಪ್ಯಾಲೆಟ್‌ಗೆ ನಲವತ್ತರಂತೆ 20 ಪ್ಯಾಲೆಟ್. ಒಂದು ಗಂಟೆ ನಿಂತರೆ 60 ಪ್ಯಾಲೆಟ್. ಬಂದ ಸರಕು ಅಷ್ಟೇ, ಕಟ್ಟಡವೂ ಅದೇ. ನಿಲ್ಲುವ ಸಮಯ ಮೂರರಷ್ಟಾದಾಗ ನೆಲವೂ ಮೂರರಷ್ಟು ತುಂಬುತ್ತದೆ. ಆಮೇಲೆ ಟ್ರಾಲಿಗಳು ತಿರುಗಲಾರದೆ ಸಮಯ ಇನ್ನೂ ಏರುತ್ತದೆ. ಡಾಕ್‌ನಲ್ಲಿ ದಟ್ಟಣೆ ನಿಧಾನವಾಗಿ ಏರುವುದಿಲ್ಲ, ಒಂದು ಹಂತ ದಾಟಿದೊಡನೆ ಎಲ್ಲವೂ ಒಟ್ಟಿಗೆ ನಿಲ್ಲುತ್ತದೆ.

ಇಷ್ಟಕ್ಕೂ ಪೆಟ್ಟಿಗೆ 20 ನಿಮಿಷವಾದರೂ ಏಕೆ ನಿಲ್ಲಬೇಕು, ಇಳಿದದ್ದು ನೇರವಾಗಿ ಎದುರಿನ ಲಾರಿಗೆ ಏಕೆ ಹೋಗಬಾರದು? ಕಾರಣ ತುಂಬುವ ಕ್ರಮದಲ್ಲಿದೆ. ನಾಲ್ಕು ಅಂಗಡಿಗೆ ಹೋಗುವ ಲಾರಿಯಲ್ಲಿ ಕೊನೆಯ ಅಂಗಡಿಯ ಸರಕು ಒಳಗೆ, ಮೊದಲ ಅಂಗಡಿಯದು ಬಾಗಿಲ ಬಳಿ ಇರಬೇಕು. ಆದರೆ ಸರಕು ಬರುವುದು ಪೂರೈಕೆದಾರರ ಕ್ರಮದಲ್ಲಿ. ಹನ್ನೆರಡೂವರೆಗೆ ಇಳಿದ ಬಿಸ್ಕತ್ತಿನಲ್ಲಿ ನಾಲ್ಕೂ ಅಂಗಡಿಯ ಪಾಲು ಇರುತ್ತದೆ, ಎರಡೂವರೆಗೆ ಇಳಿದ ಎಣ್ಣೆಯಲ್ಲೂ ಇರುತ್ತದೆ. ಕೊನೆಯ ಅಂಗಡಿಯ ಎಣ್ಣೆ ಬರುವವರೆಗೆ ಮೊದಲ ಅಂಗಡಿಯ ಬಿಸ್ಕತ್ತು ಹೊರಗೇ ಕಾಯಬೇಕು. ಹಾಗಾಗಿ ಪ್ರತಿ ಬಾಗಿಲಿನ ಮುಂದೆ ನೆಲಕ್ಕೆ ಬಣ್ಣದ ಗೆರೆ ಎಳೆದು ನಾಲ್ಕು ಸಾಲು ಮಾಡುತ್ತಾರೆ. ಪ್ರತಿ ಅಂಗಡಿಗೂ ಒಂದೊಂದು ಗಾಲಿಪಂಜರ ಇಟ್ಟು ತುಂಬಿದರೆ ಕೊನೆಗೆ ಪಂಜರಗಳನ್ನು ಬೇಕಾದ ಕ್ರಮದಲ್ಲಿ ತಳ್ಳಿಬಿಡಬಹುದು. ಲಾರಿಯಲ್ಲಿ ಸ್ವಲ್ಪ ಜಾಗ ನಷ್ಟ, ಡಾಕ್‌ನಲ್ಲಿ ಬಹಳಷ್ಟು ಸಮಯ ಉಳಿತಾಯ. ಅಂಗಡಿಗಳು ದೊಡ್ಡವಾಗಿ ಒಂದು ಲಾರಿಗೆ ಒಂದೇ ಅಂಗಡಿಯಾದರೆ ಈ ಸಮಸ್ಯೆಯೇ ಇರುವುದಿಲ್ಲ. ಅಮೆರಿಕದ ದೊಡ್ಡ ಮಳಿಗೆಗಳಲ್ಲಿ ಈ ಪದ್ಧತಿ ಸಲೀಸಾಗಿ ಕೂತದ್ದಕ್ಕೂ, ನಮ್ಮ ಬಡಾವಣೆಯ ಸಣ್ಣ ಅಂಗಡಿಗಳಿಗೆ ಅದನ್ನು ಹೊಂದಿಸುವುದು ತ್ರಾಸದಾಯಕವಾದದ್ದಕ್ಕೂ ಇದು ಒಂದು ಕಾರಣವೆನ್ನಬಹುದು.

ಕೊನೆಯ ಲಾರಿಯ ಆಳ್ವಿಕೆ

ಹೊರಡುವ ಲಾರಿ ಹೊರಡುವುದು ಒಳಬರುವ ಲಾರಿಗಳ ಸರಾಸರಿ ಸಮಯಕ್ಕಲ್ಲ, ಎಲ್ಲರಿಗಿಂತ ತಡವಾಗಿ ಬಂದದ್ದರ ಸಮಯಕ್ಕೆ. ಇದರ ಪರಿಣಾಮ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಕಠಿಣ. ಪ್ರತಿ ಪೂರೈಕೆದಾರ ನೂರಕ್ಕೆ ತೊಂಬತ್ತು ದಿನ ಸಮಯಕ್ಕೆ ಬರುತ್ತಾನೆ ಎಂದರೆ ಒಳ್ಳೆಯ ದಾಖಲೆ ಅನ್ನಿಸುತ್ತದೆ. ಆದರೆ ಹನ್ನೆರಡು ಮಂದಿಯೂ ಒಂದೇ ರಾತ್ರಿ ಸಮಯಕ್ಕೆ ಬರುವ ಸಂಭವ 0.9 ಅನ್ನು ಹನ್ನೆರಡು ಸಲ ಗುಣಿಸಿದಷ್ಟು, ಅಂದರೆ 28 ಶೇಕಡಾ. ನೂರಕ್ಕೆ ತೊಂಬತ್ತೈದು ದಿನವಾದರೆ 54. ತೊಂಬತ್ತೆಂಟಾದರೂ 78 ಮಾತ್ರ. ಒಬ್ಬನ ತಡಕ್ಕೂ ಇನ್ನೊಬ್ಬನ ತಡಕ್ಕೂ ಸಂಬಂಧವಿಲ್ಲ ಎಂದು ಭಾವಿಸಿ ಮಾಡಿದ ಲೆಕ್ಕ ಇದು. ಮಳೆ ಬಂದು ಹೆದ್ದಾರಿ ನಿಂತಾಗ ಎಲ್ಲರೂ ಒಟ್ಟಿಗೆ ತಡವಾಗುತ್ತಾರೆ. ಆಗ ಕೆಟ್ಟ ರಾತ್ರಿಗಳ ಸಂಖ್ಯೆ ಕಡಿಮೆ, ಆದರೆ ಆ ರಾತ್ರಿ ಹನ್ನೆರಡು ಲಾರಿಗಳೂ ಒಂದೇ ಹೊತ್ತಿಗೆ ಗೇಟಿನಲ್ಲಿ ನಿಂತಿರುತ್ತವೆ.

ಎರಡು ಗಂಟೆಗೆ ಬರಬೇಕಿದ್ದ ಒಂದು ಲಾರಿ ಮೂರೂ ಕಾಲಿಗೆ ಬಂತು ಎಂದಿಟ್ಟುಕೊಳ್ಳಿ. ಅದು ಇಳಿದು ಮುಗಿಯುವುದು ನಾಲ್ಕೂ ಕಾಲಿಗೆ. ಅದರ 600 ಪೆಟ್ಟಿಗೆ ಹತ್ತೂ ಮಾರ್ಗಗಳಿಗೆ ಅರವತ್ತರಂತೆ ಹಂಚಿಹೋಗಬೇಕು. ಕಾದರೆ ಹತ್ತು ಲಾರಿಗಳೂ ಸುಮಾರು ಒಂದೂಕಾಲು ಗಂಟೆ ತಡ. ಕೊನೆಯ ಅಂಗಡಿಗಳಿಗೆ ಸರಕು ಮುಟ್ಟುವಾಗ ಎಂಟು ದಾಟಿ ನಗರದ ನಿರ್ಬಂಧದ ಹೊತ್ತು ಬಂದಿರುತ್ತದೆ. ಬಿಟ್ಟರೆ ಪ್ರತಿ ಅಂಗಡಿಗೂ ಸರಕಿನ ಎಂಟು ಶೇಕಡಾ ಕಡಿಮೆ. ಸೂಪರ್‌ವೈಸರ್ ಆ ಹೊತ್ತಿನಲ್ಲಿ ನಿಂತು ಯೋಚಿಸಬಾರದ ಪ್ರಶ್ನೆ ಇದು. ಉತ್ತರ ಮೊದಲೇ ಬರೆದಿಟ್ಟಿರಬೇಕು: ಮೂರೂವರೆಗೆ ಗೇಟು ಬಿಡುವುದು, ಬಿಟ್ಟುಹೋದ ಸರಕಿನಲ್ಲಿ ಬೇಗ ಮಾರಾಟವಾಗುವ ಬಾಬತ್ತುಗಳನ್ನು ಮಾತ್ರ ಸಣ್ಣ ಗಾಡಿಯಲ್ಲಿ ಕಳಿಸುವುದು, ಉಳಿದದ್ದು ನಾಳೆಗೆ. ಕಾಯುವುದಕ್ಕಿಂತ ಬಿಡುವುದು ಬಹುತೇಕ ಯಾವಾಗಲೂ ಮೇಲು ಎಂಬುದು ಈ ಲೇಖಕನ ನಿಲುವು. ಒಮ್ಮೆ ಕಾದರೆ ತಡವಾಗಿ ಬಂದವನಿಗೆ ಏನೂ ಆಗುವುದಿಲ್ಲ, ಸಮಯಕ್ಕೆ ಬಂದ ಹನ್ನೊಂದು ಮಂದಿಯ ಸರಕು ಕೆಡುತ್ತದೆ. ಮಾರನೆಯ ವಾರ ಅವರಿಗೂ ಆತುರವಿರುವುದಿಲ್ಲ.

ನಾಳೆಗೆ ಉಳಿದ ಆ ಪೆಟ್ಟಿಗೆಗಳ ಹಿಂದೆ ಇನ್ನೊಂದು ಅಪಾಯವಿದೆ. ಅಂಗಡಿಯ ಗಣಕದಲ್ಲಿ ಅವು 'ದಾರಿಯಲ್ಲಿವೆ' ಎಂದು ದಾಖಲಾಗದಿದ್ದರೆ ಸಂಜೆ ಐದಕ್ಕೆ ಅದೇ ಸರಕಿಗೆ ಮತ್ತೆ ಆರ್ಡರ್ ಹೋಗುತ್ತದೆ. ಮರುರಾತ್ರಿ ಎರಡು ಪಾಲು ಬರುತ್ತದೆ, ಲಾರಿ ತುಂಬಿ ತುಳುಕಿ ಬೇರೇನೋ ಉಳಿಯುತ್ತದೆ, ಅದೂ ಮೂರನೆಯ ರಾತ್ರಿಗೆ ದಾಟುತ್ತದೆ. ಒಂದು ಲಾರಿಯ ತಡ ವಾರದುದ್ದಕ್ಕೂ ಹರಿಯುವುದು ಹೀಗೆ. ಅದಕ್ಕೆ ಮೂಲ ರಸ್ತೆಯಲ್ಲಿಲ್ಲ, ಆರ್ಡರ್ ಲೆಕ್ಕದಲ್ಲಿದೆ.

ಬೇಗ ಬಂದ ಲಾರಿಯೂ ತೊಂದರೆಯೇ. ಚಾಲಕರಿಗೆ ಮುಗಿಸಿ ಮಲಗುವ ಆತುರ. ಬಿಟ್ಟರೆ ಎಂಟು ಲಾರಿಗಳು ಹನ್ನೊಂದೂವರೆಗೇ ಬಂದು ನಿಲ್ಲುತ್ತವೆ, ಎರಡು ಗಂಟೆಗೆ ಬಾಗಿಲು ಖಾಲಿ ಬೀಳುತ್ತವೆ. ಪ್ರತಿ ಲಾರಿಗೂ ಸಮಯ ಮತ್ತು ಬಾಗಿಲು ಗೊತ್ತು ಮಾಡಿ, ಸಮಯಕ್ಕೆ ಬಂದವರನ್ನೇ ಮೊದಲು ಇಳಿಸುವ ನಿಯಮವನ್ನು ಗಟ್ಟಿಯಾಗಿ ಹಿಡಿಯಬೇಕು. ದೂರದ ಮಾರ್ಗಗಳಿಗೆ ಹೆಚ್ಚು ಸರಕು ತರುವವರಿಗೆ ಮೊದಲ ಸಮಯ ಕೊಟ್ಟರೆ ಆ ಲಾರಿಗಳು ಮುಂಚೆ ಹೊರಡಬಹುದು. ಒಂದು ಲಾರಿ ತುಂಬದಷ್ಟು ಕೊಡುವ ಸಣ್ಣ ಪೂರೈಕೆದಾರರಿದ್ದರೆ, ಖರೀದಿದಾರನದೇ ಲಾರಿ ನಾಲ್ಕೈದು ಕಡೆ ಸುತ್ತಿ ಎತ್ತಿಕೊಂಡು ಬರುವ ಮಿಲ್ಕ್ ರನ್ ಕ್ರಮ ಉತ್ತಮ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಬಿಡಿಭಾಗಗಳನ್ನು ತರಿಸಿಕೊಳ್ಳಲು ಇದನ್ನು ಬಳಸುತ್ತದೆ. ಇದರಲ್ಲಿ ನಾಲ್ಕು ಅನಿಶ್ಚಿತ ಲಾರಿಗಳ ಜಾಗಕ್ಕೆ ನಮ್ಮ ಹಿಡಿತದಲ್ಲಿರುವ ಒಂದು ಬರುತ್ತದೆ.

ಹೊರಹೋಗುವ ಬದಿಯಲ್ಲಿ ಹೊಂದಾಣಿಕೆಯ ಕೇಡು ಬೇರೆ ರೀತಿ. ಗೋದಾಮಿನಲ್ಲಿ ಇವತ್ತು ಲಾರಿ ಅರ್ಧ ಖಾಲಿಯಿದ್ದರೆ ನಾಳೆಯ ಸರಕಿನಲ್ಲಿ ಸ್ವಲ್ಪ ಇಂದೇ ಹಾಕಿ ತುಂಬಬಹುದು. ಡಾಕ್‌ನಲ್ಲಿ ನಾಳೆಯ ಸರಕು ಇನ್ನೂ ಬಂದೇ ಇರುವುದಿಲ್ಲ. ಶನಿವಾರದ ಸರಕು ಮಂಗಳವಾರದ ಒಂದೂವರೆಯಷ್ಟಿದ್ದರೆ ಲಾರಿಗಳನ್ನೂ ಹಾಗೆಯೇ ಹೆಚ್ಚು ಕಡಿಮೆ ಮಾಡಬೇಕು, ಇಲ್ಲವೇ ಕೆಡದ ಬಾಬತ್ತುಗಳ ಆರ್ಡರ್‌ಗಳನ್ನು ವಾರದ ದಿನಗಳಿಗೆ ಹಂಚಿ ಏರಿಳಿತವನ್ನು ಮೂಲದಲ್ಲೇ ಸಮ ಮಾಡಬೇಕು. ಎರಡನೆಯದು ಅಗ್ಗ. ಆದರೆ ಖರೀದಿ ವಿಭಾಗ ವಾರಾಂತ್ಯದ ಕೊಡುಗೆಗಳನ್ನು ಸಾರಿಗೆ ವಿಭಾಗಕ್ಕೆ ಹೇಳದೆ ಪ್ರಕಟಿಸುವ ಕಡೆ ಅದು ನಡೆಯುವುದಿಲ್ಲ.

ಸರಕಿಗಿಂತ ಮುಂಚೆ ಬರಬೇಕಾದದ್ದು

ಲಾರಿ ಗೇಟಿಗೆ ಬರುವ ಮೊದಲೇ ಅದರಲ್ಲಿ ಏನಿದೆ, ಯಾರಿಗೆ ಎಷ್ಟು ಎಂಬುದು ಡಾಕ್‌ಗೆ ತಿಳಿದಿರಬೇಕು. ಪೂರೈಕೆದಾರ ಲಾರಿ ತುಂಬಿದ ತಕ್ಷಣ ಕಳಿಸುವ ಈ ಮುಂಗಡ ಸೂಚನೆ, ಮತ್ತು ಪ್ರತಿ ಪ್ಯಾಲೆಟ್ ಅಥವಾ ಪೆಟ್ಟಿಗೆಯ ಮೇಲೆ ಅಂಟಿಸಿದ ಬಾರ್‌ಕೋಡ್ ಚೀಟಿ, ಇವೆರಡೂ ಸೇರಿ ಕೆಲಸ ಮಾಡುತ್ತವೆ. ಇದಕ್ಕೆ ಜಿಎಸ್1 ಸಂಸ್ಥೆಯ 18 ಅಂಕೆಯ ಸಂಖ್ಯೆ ಜಗತ್ತಿನಾದ್ಯಂತ ರೂಢಿಯಲ್ಲಿದೆ. ಸ್ಕ್ಯಾನರ್ ತೋರಿಸಿದರೆ ಯಾವ ಬಾಗಿಲು, ಯಾವ ಸಾಲು ಎಂದು ತಿಳಿಯಬೇಕು. ಸೂಚನೆಯಲ್ಲಿ 600 ಎಂದಿದ್ದು ಲಾರಿಯಲ್ಲಿ 588 ಇದ್ದರೆ ಹನ್ನೆರಡು ಪೆಟ್ಟಿಗೆಗಳ ಹುಡುಕಾಟದಲ್ಲಿ ಇಡೀ ಬಾಗಿಲು ನಿಲ್ಲುತ್ತದೆ. ಅಂಥ ಲಾರಿಯನ್ನು ಐದನೆಯ ಬಾಗಿಲಿಗೆ ಸರಿಸಿ ಮುಂದಿನದನ್ನು ಕರೆಯುವುದು ಅನುಭವಸ್ಥರ ಕ್ರಮ.

ಚೀಟಿಯನ್ನು ಎಲ್ಲಿ ಅಂಟಿಸಬೇಕು ಎಂಬುದರ ಮೇಲೆ ಪದ್ಧತಿ ಎರಡು ಬಗೆಯಾಗುತ್ತದೆ. ಪೂರೈಕೆದಾರನೇ ಅಂಗಡಿಯ ಹೆಸರು ಹಾಕಿ ಕಳಿಸಿದರೆ ಡಾಕ್‌ನ ಕೆಲಸ ಅತಿ ಕಡಿಮೆ, ಆದರೆ ಹಂಚಿಕೆ ಮುಂಚಿನ ಸಂಜೆಯೇ ಖಚಿತವಾಗಿಬಿಟ್ಟಿರುತ್ತದೆ. ಒಟ್ಟು ಸರಕು ತರಿಸಿಕೊಂಡು ಡಾಕ್‌ನಲ್ಲೇ ಹಂಚಿದರೆ ರಾತ್ರಿಯ ಮಾರಾಟದ ಲೆಕ್ಕ ನೋಡಿ ಪಾಲು ಬದಲಿಸಬಹುದು, ತಡವಾಗಿ ತೀರ್ಮಾನಿಸುವ ಲಾಭ ಸಿಗುತ್ತದೆ; ಬದಲಿಗೆ ಪ್ಯಾಲೆಟ್ ಒಡೆಯುವ, ಎಣಿಸುವ ಕೆಲಸ ನೆಲಕ್ಕೆ ಬರುತ್ತದೆ ಮತ್ತು ಆ ಇಪ್ಪತ್ತು ನಿಮಿಷ ನಲವತ್ತಾಗುತ್ತದೆ. ಮೊದಲನೆಯ ಬಗೆಯಲ್ಲಿ ಚೀಟಿ ಅಂಟಿಸುವ ಖರ್ಚು ಪೂರೈಕೆದಾರನ ಮೇಲೆ ಬೀಳುವುದರಿಂದ ದೊಡ್ಡ ಖರೀದಿದಾರ ಮಾತ್ರ ಅದನ್ನು ಒತ್ತಾಯಿಸಬಲ್ಲ. ಸಣ್ಣವರು ಆ ಖರ್ಚಿಗೆ ಬೆಲೆಯಲ್ಲಿ ಪಾಲು ಕೊಟ್ಟು ಒಪ್ಪಿಸಬೇಕಾಗುತ್ತದೆ.

ಭಾರತದಲ್ಲಿ ಕಾಗದದ ಹರಿವಿಗೂ ಒಂದು ಚರಿತ್ರೆಯಿದೆ. ಅಂತರರಾಜ್ಯ ಮಾರಾಟಕ್ಕೆ ಕೇಂದ್ರ ಮಾರಾಟ ತೆರಿಗೆ ಇದ್ದ ಕಾಲದಲ್ಲಿ ಅದನ್ನು ತಪ್ಪಿಸಲು ಕಂಪನಿಗಳು ಪ್ರತಿ ರಾಜ್ಯದಲ್ಲೂ ಡಿಪೋ ಇಟ್ಟು ದಾಸ್ತಾನು ವರ್ಗಾಯಿಸುತ್ತಿದ್ದವು. ಸರಕು ಎಲ್ಲಿ ಕೂರಬೇಕೆಂಬುದನ್ನು ತೆರಿಗೆ ತೀರ್ಮಾನಿಸುತ್ತಿತ್ತು. ಗಡಿಯ ಚೆಕ್‌ಪೋಸ್ಟುಗಳಲ್ಲಿ ಲಾರಿ ಎಷ್ಟು ಹೊತ್ತು ನಿಲ್ಲುತ್ತದೆಂದು ಹೇಳಲಾಗದ ಕಡೆ ಗಂಟೆಯ ಲೆಕ್ಕದ ಡಾಕ್ ನಡೆಯುವಂತಿರಲಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಎರಡೂ ಹೋದವು. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾಯಿತು. ರಾಜ್ಯದೊಳಗಿನ ಸಾಗಣೆಗೂ ಅದನ್ನು ಅದೇ ದಿನ ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. ಕ್ರಾಸ್-ಡಾಕ್‌ಗೆ ಸಂಬಂಧಿಸಿದ ಅಂಶವೆಂದರೆ, ನಡುವೆ ಲಾರಿ ಬದಲಾದಾಗ ಹೊಸ ವಾಹನದ ಸಂಖ್ಯೆಯನ್ನು ಬಿಲ್ಲಿನ ಎರಡನೆಯ ಭಾಗದಲ್ಲಿ ತುಂಬಿಯೇ ಮುಂದೆ ಹೊರಡಬೇಕು. ಕೊನೆಯ ಕ್ಷಣದಲ್ಲಿ ಲಾರಿ ಬದಲಿಸಿದ ಸೂಪರ್‌ವೈಸರ್ ಇದನ್ನು ಮರೆತರೆ ದಾರಿಯಲ್ಲಿ ಲಾರಿ ಹಿಡಿಯುತ್ತಾರೆ. ಸರಕು ಸಿದ್ಧವಿದ್ದೂ ಕಾಗದಕ್ಕಾಗಿ ಲಾರಿ ನಿಂತಿರುವುದು ನಮ್ಮ ಹಬ್‌ಗಳಲ್ಲಿ ಅಪರೂಪವಲ್ಲ.

ಕಟ್ಟಡ

ಜಾನ್ ಬಾರ್ಥೋಲ್ಡಿ ಮತ್ತು ಕೆವಿನ್ ಗ್ಯೂ 2004ರಲ್ಲಿ ಡಾಕ್ ಕಟ್ಟಡದ ಆಕಾರವನ್ನು ಕುರಿತು ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಬಹಳವಾಗಿ ಉಲ್ಲೇಖವಾಗುವಂಥದ್ದು. ಸುಮಾರು 150 ಬಾಗಿಲುಗಳವರೆಗೆ ಕಿರಿದಾದ ನೇರ ಕಟ್ಟಡವೇ ಉತ್ತಮ, ಅಲ್ಲಿಂದ 200ರವರೆಗೆ ಇಂಗ್ಲಿಷ್ ಟಿ ಅಕ್ಷರದ ಆಕಾರ, ಇನ್ನೂ ದೊಡ್ಡದಕ್ಕೆ ಎಕ್ಸ್ ಆಕಾರ ಎಂಬುದು ಅವರ ತೀರ್ಮಾನ. ಉದ್ದವಾಗುತ್ತಾ ಹೋದ ನೇರ ಕಟ್ಟಡದಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ನಡಿಗೆ ಹೆಚ್ಚುತ್ತದೆ. ಆದರೆ ತಿರುವು ಕೊಟ್ಟರೆ ಪ್ರತಿ ಮೂಲೆಯಲ್ಲೂ ಲಾರಿ ನಿಲ್ಲಿಸಲಾಗದೆ ಬಾಗಿಲುಗಳು ನಷ್ಟವಾಗುತ್ತವೆ. ಹದಿನೈದು ಬಾಗಿಲುಗಳ ಡಾಕ್‌ಗೆ ಈ ಚರ್ಚೆಯೇ ಬೇಡ. ಅಲ್ಲಿ ಬೇಕಾದದ್ದು ಹೆಚ್ಚು ಸರಕು ಹೋಗುವ ಮಾರ್ಗಗಳಿಗೆ ನಡುವಿನ ಬಾಗಿಲುಗಳನ್ನು ಕೊಡುವುದು, ವರ್ಷಕ್ಕೆರಡು ಬಾರಿ ಅದನ್ನು ಮರುಪರಿಶೀಲಿಸುವುದು.

ಕೆಟ್ಟದ್ದನ್ನು ಗುರುತಿಸುವುದು

ಕ್ರಾಸ್-ಡಾಕ್ ಸೋತಾಗ ಬಾಗಿಲು ಹಾಕುವುದಿಲ್ಲ, ಸದ್ದಿಲ್ಲದೆ ಗೋದಾಮಾಗುತ್ತದೆ. ಗುರುತಿಸಲು ವರದಿಗಿಂತ ಬೆಳಗಿನ ಆರು ಗಂಟೆಯ ನೆಲವನ್ನು ನೋಡುವುದು ಮೇಲು. ಎಲ್ಲ ಲಾರಿಗಳೂ ಹೋದ ಮೇಲೆ ಎಷ್ಟು ಪ್ಯಾಲೆಟ್ ಉಳಿದಿವೆ, ಅವು ಯಾವ ದಿನದವು ಎಂದು ದಿನವೂ ಬರೆದಿಟ್ಟರೆ ಎರಡು ವಾರದಲ್ಲಿ ಚಿತ್ರ ಸಿಗುತ್ತದೆ. ಸರಾಸರಿ ನಿಲುಗಡೆ ಸಮಯವನ್ನು ನಂಬಬಾರದು. ನೂರು ಪ್ಯಾಲೆಟ್‌ನಲ್ಲಿ ತೊಂಬತ್ತೈದು ಅರ್ಧ ಗಂಟೆಯಲ್ಲಿ ಹೋಗಿ ಐದು ಮೂರು ದಿನ ಕೂತರೆ ಸರಾಸರಿ ನಾಲ್ಕು ಗಂಟೆಯ ಹತ್ತಿರ ಬರುತ್ತದೆ. ಈ ಸಂಖ್ಯೆ ತೊಂಬತ್ತೈದರ ಬಗ್ಗೆಯೂ ಸುಳ್ಳು ಹೇಳುತ್ತದೆ, ಐದರ ಬಗ್ಗೆಯೂ. ಒಂದು ಮೂಲೆಯಲ್ಲಿ 'ತಾತ್ಕಾಲಿಕ' ರ‍್ಯಾಕ್ ಕಾಣಿಸಿಕೊಂಡಿದ್ದರೆ, ಅದನ್ನು ನೋಡಿಕೊಳ್ಳಲು ಒಬ್ಬ ಗುಮಾಸ್ತ ನೇಮಕವಾಗಿದ್ದರೆ, ಆ ಸಂಸ್ಥೆ ಗೋದಾಮಿನ ಖರ್ಚನ್ನೂ ಡಾಕ್‌ನ ಖರ್ಚನ್ನೂ ಒಟ್ಟಿಗೆ ಕೊಡುತ್ತಿದೆ.

ಇದಕ್ಕೆ ಉಪಾಯ ಎಲ್ಲ ಸರಕನ್ನೂ ಬಲವಂತವಾಗಿ ಹಾಯಿಸುವುದಲ್ಲ, ಯಾವುದು ಹಾಯಬೇಕೆಂದು ಆರಿಸುವುದು. ಮೇಲಿನ ಉದಾಹರಣೆಯಲ್ಲಿ ಎಂಟು ಪೂರೈಕೆದಾರರು 98 ಶೇಕಡಾ, ನಾಲ್ವರು 85 ಶೇಕಡಾ ಸಮಯಪಾಲನೆಯವರು ಎಂದಿಟ್ಟುಕೊಂಡರೆ ಹನ್ನೆರಡೂ ಲಾರಿಗಳು ಸಮಯಕ್ಕೆ ಸೇರುವ ರಾತ್ರಿಗಳು ನೂರಕ್ಕೆ 44. ಆ ನಾಲ್ವರ ಸರಕಿಗೆ ಅದೇ ಕಟ್ಟಡದಲ್ಲಿ ಎರಡು ದಿನದ ದಾಸ್ತಾನು, ಅಂದರೆ 4,800 ಪೆಟ್ಟಿಗೆ ಅಥವಾ 120 ಪ್ಯಾಲೆಟ್, ರ‍್ಯಾಕಿನಲ್ಲಿಟ್ಟು ಅಲ್ಲಿಂದ ತೆಗೆದು ಕೊಟ್ಟರೆ, ಉಳಿದ ಎಂಟು ಲಾರಿಗಳು ಸಮಯಕ್ಕೆ ಸೇರುವ ರಾತ್ರಿಗಳು ನೂರಕ್ಕೆ 85 ಆಗುತ್ತವೆ.